‘ಹಿಂದೆ ಸ್ವಲ್ಪ ಬ್ಲರ್ ಇರ್ಲಿ’ ಅಂದ್ರೆ ಏನ್ರಪ್ಪಾ ಅರ್ಥ?

ಬೆಳಿಗ್ಗೆಯಿಂದ ತಲೆ ಬಿಸಿಯಾಗಿದೆ. ಬರೆದು ಮುಗಿಸ್ತೇನೆ, ಆಮೇಲೆ ಕಾಫಿ ಕುಡೀತೇನೆ.

ವಿರಾಜಪೇಟೆ ಕಡೆಯ ಚಿಕ್ಕಮ್ಮನ ಹೋಂಸ್ಟೇ ನಿಮಗೆಲ್ಲ ಗೊತ್ತು. ಈ ಸಲ ಹೂಮಳೆಯ ಕೆಲಸವನ್ನು ಸ್ಪ್ರಿಂಕ್ಲರೇ ಚೆನ್ನಾಗಿ ಮಾಡಿತು, ರೊಬಸ್ಟಾ ಕಾಫಿ ಗಿಡಗಳೆಲ್ಲ ಬಿಳಿ ಹೊದ್ದು ನಿಂತವು. ಈ ಬಿಳುಪು ಎರಡು ಮೂರು ದಿನದ ವೈಭವ, ಆಮೇಲೆ ಹೂವೆಲ್ಲ ಕಂದು. ಅಷ್ಟರಲ್ಲಿ ಒಂದು ಫೋಟೋ ಆಗಬೇಕು ಅಂತ ಚಿಕ್ಕಮ್ಮ ಪೇಟೆಯಿಂದ ಒಬ್ಬ ಹುಡುಗನನ್ನು ಕರೆಸಿದರು. ಮಾದರಿಗೆ ಅಂತ ಫೋನಿನಲ್ಲಿದ್ದ ಒಂದು ಫೋಟೋ ಕಳಿಸಿದರು. ಯಾವುದೋ ತೋಟದಲ್ಲಿ ಒಬ್ಬಳು ಕೊಂಬೆ ಹಿಡಿದು ನಿಂತಿದ್ದಾಳೆ, ಹಿಂದೆ ಹಳೇ ಮನೆಯ ಬಾಗಿಲು. ಜೊತೆಗೆ ಒಂದು ಸಾಲು: ‘ಹೀಗೇ ಬೇಕು, ಹಿಂದೆ ಸ್ವಲ್ಪ ಬ್ಲರ್ ಇರ್ಲಿ.’

ಹುಡುಗ ಬ್ಲರ್ ಕೊಟ್ಟ. ಎಷ್ಟು ಕೊಟ್ಟ ಅಂದ್ರೆ, ನನ್ನ ತಂಗಿಯ ಕಣ್ಣು ಬಿಟ್ಟರೆ ಬೇರೇನೂ ಕಾಣಲ್ಲ. ಅವಳು ಹಿಡಿದ ಹೂವಿನ ಕೊಂಬೆ ಹತ್ತಿ ಉಂಡೆ. ಮನೆಯ ನೀಲಿ ಬಾಗಿಲು ಒಂದು ನೀಲಿ ಕಲೆ. ಹೂವಿಗೋಸ್ಕರ ತೆಗೆಸಿದ ಫೋಟೋದಲ್ಲಿ ಹೂವೇ ಇಲ್ಲ!

ಅವನನ್ನು ಬೈದು ಏನು ಪ್ರಯೋಜನ? ಅವನು ಹೇಳಿದ್ದನ್ನೇ ಮಾಡಿದ್ದಾನೆ. 50 ಎಂಎಂ ಲೆನ್ಸ್ ಹಾಕಿ, ಅಪರ್ಚರನ್ನು, ಅಂದರೆ ಬೆಳಕು ಒಳಬರುವ ಲೆನ್ಸಿನ ಕಂಡಿಯನ್ನು, f/1.4ಗೆ ಅಗಲವಾಗಿ ತೆರೆದು, ಸುಮಾರು 2.35 ಮೀಟರ್ ದೂರದಿಂದ ತೆಗೆದಿದ್ದಾನೆ. ಅಲ್ಲಿ ಡೆಪ್ತ್ ಆಫ್ ಫೀಲ್ಡ್, ಅಂದರೆ ಶಾರ್ಪಾಗಿ ಕಾಣುವ ಆಳ, ಹತ್ತಿರ ಹತ್ತಿರ 18 ಸೆಂಟಿಮೀಟರ್. ಕಣ್ಣಿಗೆ ಫೋಕಸ್ ಇಟ್ಟರೆ ಅದರ ಮುಂದೆ ಸಿಗೋದು ಬರೀ ಎಂಟು ಒಂಬತ್ತು ಸೆಂಟಿಮೀಟರ್. ಕೊಂಬೆ ಇದ್ದದ್ದು ಮುಖದಿಂದ ಒಂದು ಗೇಣು ಮುಂದೆ. ಮತ್ತೆ ಹತ್ತಿ ಆಗದೆ ಇನ್ನೇನಾಗುತ್ತೆ?

‘ಫೋಟೋನೇ ತೋರಿಸಿದ್ದಾರಲ್ಲ, ಮಾತು ಯಾಕೆ ಬೇಕು?’ ಅಂತ ನನ್ನ ಗೆಳೆಯನೊಬ್ಬ ಕೇಳಿದ. ಒಳ್ಳೇ ಪ್ರಶ್ನೆ ಅಂತ ಅರ್ಧ ನಿಮಿಷ ಅನ್ನಿಸಿತು. ಆದರೆ ಅದೇ ಫೋಟೋ ನೋಡಿ ಚಿಕ್ಕಮ್ಮ ‘ಮನೆ ಎಷ್ಟು ಹತ್ರ, ಎಷ್ಟು ಚೆಂದ’ ಅಂದರು. ಹುಡುಗನಿಗೆ ಕಂಡದ್ದು ಬ್ಲರ್ ಮಾತ್ರ. ತಂಗಿಗೆ ಕಂಡದ್ದು ಆ ಹೆಂಗಸಿನ ಜುಮುಕಿ. ಒಂದು ಫೋಟೋದಲ್ಲಿ ಯಾವುದನ್ನು ಅನುಸರಿಸಬೇಕು, ಯಾವುದನ್ನು ಬಿಡಬೇಕು ಅನ್ನೋದನ್ನ ಫೋಟೋ ತಾನೇ ಹೇಳಲ್ಲ ಸ್ವಾಮಿ.

ಇರಲಿ. ಕೆಳಗಿನ ತೋಟಕ್ಕೆ ಸ್ಪ್ರಿಂಕ್ಲರ್ ನಾಲ್ಕು ದಿನ ತಡವಾಗಿ ಹಾಕಿದ್ದರಿಂದ ಅಲ್ಲಿ ಹೂವು ಇನ್ನೂ ಬರೋದಿತ್ತು. ಇನ್ನೊಂದು ಅವಕಾಶ. ಈ ಸಲ ಬರೆದು ಕೊಡೋದು ನಾನು ಅಂತ ಕೂತೆ.

ಮೊದಲು ಆ ಮಾದರಿ ಫೋಟೋದ ಬಾಗಿಲನ್ನು ಅಳೆದೆ. ಬಾಗಿಲು ಅಂದರೆ ಹೆಚ್ಚುಕಮ್ಮಿ ಎರಡು ಮೀಟರ್ ಎತ್ತರ. ಆದರೆ ಫೋಟೋದಲ್ಲಿ ಅದು ಆ ಹೆಂಗಸಿನ ಗಲ್ಲದಿಂದ ಸೊಂಟದವರೆಗಿನಷ್ಟು, ಅಂದರೆ ಅವಳ ಲೆಕ್ಕದಲ್ಲಿ 57 ಸೆಂಟಿಮೀಟರ್ ಇರಬಹುದು. ಎರಡು ಮೀಟರಿನದು ಮೂರೂವರೆ ಪಾಲು ಚಿಕ್ಕದಾಗಿದೆ. ಹಾಗಾದರೆ ಕ್ಯಾಮೆರಾದಿಂದ ಬಾಗಿಲಿಗಿರುವ ದೂರ, ಅವಳಿಗಿರುವ ದೂರದ ಮೂರೂವರೆ ಪಾಲು. ಎಷ್ಟು ಮೀಟರ್ ಅನ್ನೋದು ಇದರಿಂದ ಗೊತ್ತಾಗಲ್ಲ, ಅನುಪಾತ ಮಾತ್ರ ಸಿಗುತ್ತೆ. ಅಷ್ಟು ಸಾಕು. ನಮ್ಮಲ್ಲಿ ತಂಗಿ ನಿಲ್ಲುವ ಜಾಗದಿಂದ ಬಾಗಿಲು ಹತ್ತು ಮೀಟರ್ ಹಿಂದೆ. ಕ್ಯಾಮೆರಾ ನಾಲ್ಕು ಮೀಟರ್ ದೂರದಲ್ಲಿದ್ದರೆ ಬಾಗಿಲಿಗೆ ಹದಿನಾಲ್ಕು. ಮೂರೂವರೆ ಪಾಲು, ಸರಿಹೋಯ್ತು.

ಹುಡುಗ ನಿಂತ ಜಾಗದಿಂದ ಅದೇ ಬಾಗಿಲು 38 ಸೆಂಟಿಮೀಟರಿನಷ್ಟೇ ಕಾಣುತ್ತೆ. ಮಾದರಿ ನೋಡಿ ಚಿಕ್ಕಮ್ಮನಿಗೆ ‘ಮನೆ ಹತ್ರ’ ಅನ್ನಿಸಿದ್ದು ಅಲ್ಲಿ ಬಾಗಿಲು 57ರಷ್ಟು ಕಂಡದ್ದಕ್ಕೇ, ಬ್ಲರಿಗಲ್ಲ! ಹಿಂದಿನದು ದೊಡ್ಡದಾಗಿ ಕಾಣೋದನ್ನ ತೀರ್ಮಾನ ಮಾಡೋದು ನೀವು ನಿಲ್ಲುವ ಜಾಗ. ನಾಲ್ಕು ಮೀಟರ್ ದೂರದಲ್ಲಿ ನಿಂತು ತಲೆಯಿಂದ ಸೊಂಟದ ಸ್ವಲ್ಪ ಕೆಳಗಿನವರೆಗೆ ಫ್ರೇಮ್ ತುಂಬಬೇಕಾದರೆ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾಗೆ 85 ಎಂಎಂ ಬೇಕು. ದೂರ ಮೊದಲು, ಲೆನ್ಸ್ ಆಮೇಲೆ. ಎಲ್ಲರೂ ಉಲ್ಟಾ ಹೇಳ್ತಾರೆ, ಅದೇ ನನ್ನ ಉರಿ.

ಇನ್ನು ಅಪರ್ಚರ್. ಮಾದರಿಯಲ್ಲಿ ಜುಮುಕಿಯೂ ಶಾರ್ಪ್, ಕೊಂಬೆಯ ಎಲೆಯೂ ಶಾರ್ಪ್. ಮರದ ಸಂದಿಯಿಂದ ಬಂದ ಬೆಳಕಿನ ಚುಕ್ಕಿಗಳನ್ನು ದೊಡ್ಡದು ಮಾಡಿ ನೋಡಿದೆ. ದುಂಡಗಿಲ್ಲ, ಮೂಲೆ ಮೂಲೆಯಾಗಿವೆ. ಅಂದರೆ ಅಪರ್ಚರನ್ನು ಚಿಕ್ಕದು ಮಾಡುವ ಲೆನ್ಸಿನ ಬ್ಲೇಡುಗಳು ಸ್ವಲ್ಪ ಮುಚ್ಚಿಕೊಂಡಿದ್ದವು, ಪೂರ್ತಿ ತೆರೆದ ಅಪರ್ಚರ್ ಅಲ್ಲ. (ದುಂಡಗಿದ್ದರೆ ಪೂರ್ತಿ ತೆರೆದಿದೆ ಅಂತ ಹೇಳೋಕಾಗಲ್ಲ. ಕೆಲವು ಲೆನ್ಸುಗಳ ಬ್ಲೇಡ್ ಬಾಗಿರುತ್ತೆ, ಸ್ವಲ್ಪ ಮುಚ್ಚಿದರೂ ಚುಕ್ಕಿ ದುಂಡಗೇ ಬರುತ್ತೆ.) ನಾಲ್ಕು ಮೀಟರಿನಲ್ಲಿ 85 ಎಂಎಂ ಲೆನ್ಸಿನ ಅಪರ್ಚರನ್ನು f/4ಗೆ ಚಿಕ್ಕದು ಮಾಡಿದರೆ ಶಾರ್ಪ್ ಆಳ ಅರ್ಧ ಮೀಟರಿನಷ್ಟು, ಕಣ್ಣಿನ ಮುಂದೆ ಸುಮಾರು 25 ಸೆಂಟಿಮೀಟರ್. ಒಂದು ಗೇಣು ಅದರೊಳಗೆ ಕೂರುತ್ತೆ.

ಕೊನೆಗೆ ಹುಡುಗನಿಗೆ ಕಳಿಸಿದ್ದು ಇಷ್ಟು: ‘ಬಾಗಿಲು ಅವಳ ಹಿಂದೆ ಹತ್ತು ಮೀಟರ್. ನೀನು ಅವಳಿಂದ ನಾಲ್ಕು ಮೀಟರ್ ದೂರ ನಿಲ್ಲು. ಅಡ್ಡ ಫ್ರೇಮ್, 85 ಎಂಎಂ, f/4, ಫೋಕಸ್ ಹತ್ತಿರದ ಕಣ್ಣಿಗೆ. ಕೊಂಬೆ ಮುಖದಿಂದ ಒಂದು ಗೇಣಿನೊಳಗೆ, ಹೂವಿನ ಎಸಳು ಬಿಡಿಬಿಡಿಯಾಗಿ ಕಾಣಬೇಕು. ಬಾಗಿಲು ಮೆತ್ತಗಿರಲಿ, ಆದರೆ ಬಾಗಿಲು ಅಂತ ಗೊತ್ತಾಗಬೇಕು.’ ಕೊನೆಯ ಎರಡು ವಾಕ್ಯ ಇಲ್ಲದಿದ್ದರೆ ಅಂಕಿ ಎಲ್ಲ ಇದ್ದೂ ಉಪಯೋಗವಿಲ್ಲ. ಜಾಗದಲ್ಲಿ ಬೆಳಕು ಕಮ್ಮಿಯಾದರೆ, ಕೊಂಬೆ ಗಾಳಿಗೆ ಸರಿದರೆ, ಅವನು ಅಂಕಿ ಬದಲಿಸಲೇಬೇಕು. ಆಗ ಯಾವುದನ್ನು ಕಾಪಾಡಿಕೊಳ್ಳಬೇಕು ಅನ್ನೋದು ಗೊತ್ತಿರಬೇಕಲ್ವಾ?

ಒಂದು ತಪ್ಪೊಪ್ಪಿಗೆ ಇದೆ. ಜೋರು ಮಾಡ್ತಿರೋ ನಾನೇ ಕೆಲವು ವರ್ಷದ ಹಿಂದೆ ಹೊಸ f/1.4 ಲೆನ್ಸ್ ಕೊಂಡ ಜಂಬದಲ್ಲಿ ಮನೆಯ ಒಂದು ಮದುವೆ ಪೂರ್ತಿ ಅದರಲ್ಲೇ ತೆಗೆದೆ. ಅಜ್ಜಿಯ ಒಂದೇ ಒಂದು ಫೋಟೋ ಇದೆ ಅವತ್ತಿನದು. ಎಡಗಣ್ಣು ಶಾರ್ಪ್, ಬಲಗಣ್ಣು ಮಂಜು. ಆ ಲೆನ್ಸ್ ಈಗಲೂ ಬೀರುವಿನಲ್ಲಿದೆ, ಅಜ್ಜಿ ಇಲ್ಲ. ಹುಡುಗನ ಮೇಲೆ ಜಾಸ್ತಿ ಸಿಟ್ಟು ಬರದಿದ್ದಕ್ಕೆ ಇದೂ ಒಂದು ಕಾರಣ.

ಹೊಸ ಫೋಟೋ ಇವತ್ತು ಬೆಳಿಗ್ಗೆ ಬಂತು. ಹೂವು ಹೂವಾಗಿದೆ, ಬಾಗಿಲು ಬಾಗಿಲಾಗಿದೆ. ಮತ್ತೆ ತಲೆ ಬಿಸಿ ಯಾಕೆ ಅಂತೀರಾ? ಇಷ್ಟೆಲ್ಲ ಲೆಕ್ಕ ಹಾಕಿದ ನನಗೆ ಒಂದು ಮೆಚ್ಚುಗೆ ಬರುತ್ತೆ ಅಂತ ಕಾದಿದ್ದೆ. ಆ ಅಪರ್ಚರಿನಲ್ಲಿ ಹಿಂದಿನ ಬಾಗಿಲ ಮೇಲೆ ಐದು ಸೆಂಟಿಮೀಟರಿಗಿಂತ ಚಿಕ್ಕದೆಲ್ಲ ಕರಗಿಹೋಗುತ್ತೆ. ಚಿಕ್ಕಮ್ಮ ಕನ್ನಡಕ ಹಾಕಿ, ಫೋನನ್ನು ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. ‘ಬಾಗಿಲ ಬಣ್ಣ ಎದ್ದಿರೋದು ಕಾಣ್ತಾನೇ ಇಲ್ಲ ಮಾರಾಯ,’ ಅಂದರು. ‘ಹಂಗಾದ್ರೆ ಈ ವರ್ಷ ಪೇಂಟ್ ಬೇಡ.’