ಹೆಸರೆತ್ತದಿದ್ದರೆ ಸಾಕೇ?

“ನಮ್ಮದು ಚಿಕೋರಿ ಇಲ್ಲದ ಫಿಲ್ಟರ್ ಕಾಫಿಪುಡಿ. ದೊಡ್ಡ ಬ್ರ್ಯಾಂಡ್ ಹೆಸರು ಹಾಕದೆ ‘ಕಲಬೆರಕೆ ಇಲ್ಲದ ಕಾಫಿ’ ಅಂತ ಪ್ಯಾಕೆಟ್ ಮೇಲೆ ಹಾಕಬಹುದಾ?”

ಬೇಡ. ಚಿಕೋರಿ ಕಲಬೆರಕೆಯಲ್ಲ. 49% ವರೆಗೆ ಸೇರಿಸಲು ಕಾನೂನೇ ಒಪ್ಪುತ್ತದೆ, ಪ್ರಮಾಣ ಲೇಬಲ್ ಮೇಲಿರಬೇಕು ಅಷ್ಟೆ. ಹೆಸರು ಬಿಟ್ಟ ಮಾತ್ರಕ್ಕೆ ಬಚಾವಾಗುವುದಿಲ್ಲ: 2004ರಲ್ಲಿ ದೆಹಲಿ ಹೈಕೋರ್ಟ್, ಯಾವ ಕಂಪನಿಯ ಹೆಸರನ್ನೂ ಹೇಳದೆ ಕೆಂಪು ಹಲ್ಲುಪುಡಿಯನ್ನೇ ಹೀಗಳೆದ ಜಾಹೀರಾತಿಗೆ ತಡೆ ಕೊಟ್ಟಿತ್ತು. ಎದುರಾಳಿಯ ಪ್ಯಾಕೆಟ್ ಬಣ್ಣ ಗುರುತು ಸಿಗುವಂತೆ ಮಸುಕು ಮಾಡಿ ತೋರಿಸುವುದೂ ಅಷ್ಟೇ ಅಪಾಯ.

ನಿಮ್ಮದರ ಬಗ್ಗೆ ಮಾತ್ರ, ಪರೀಕ್ಷಿಸಬಹುದಾದ ಮಾತು ಬರೆಯಿರಿ: “100% ಕಾಫಿ. ಹುರಿದ ದಿನ ಇಂಥದ್ದು, ಪುಡಿ ಮಾಡಿದ ದಿನ ಇಂಥದ್ದು.” ದಿನಾಂಕವೇ ನಿಮ್ಮ ದೊಡ್ಡ ಬಲ. ಸಣ್ಣ ಸಣ್ಣ ಕಂತುಗಳಲ್ಲಿ ಹುರಿದು ಅದೇ ವಾರ ಅಂಗಡಿಗೆ ತಲುಪಿಸುವುದು ನಿಮಗೆ ಸುಲಭ, ಊರೂರಿಗೆ ಗೋದಾಮಿನ ಮೂಲಕ ಕಳಿಸುವವರಿಗೆ ಕಷ್ಟ. ಆದರೆ ಹಳೇ ಸ್ಟಾಕ್ ವಾಪಸ್ ತಗೊಳ್ಳಲೇಬೇಕು, ಇಲ್ಲದಿದ್ದರೆ ಅದೇ ದಿನಾಂಕ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ.

ಬಹಳ ಜನ ಎಡವುವುದು ಇನ್ನೊಂದು ಕಡೆ. ಡಿಕಾಕ್ಷನ್‌ಗೆ ಕಪ್ಪು ಬಣ್ಣ, ಗಟ್ಟಿತನ ಕೊಡುವುದು ಚಿಕೋರಿ. ಅದಕ್ಕೆ ಒಗ್ಗಿದವರು ಅದೇ ಅಳತೆಯಲ್ಲಿ ನಿಮ್ಮ ಪುಡಿ ಹಾಕಿದರೆ “ನೀರಾಗಿದೆ” ಅಂತಾರೆ, ಎರಡನೇ ಪ್ಯಾಕೆಟ್ ಕೊಳ್ಳುವುದಿಲ್ಲ. ಅದಕ್ಕೇ ಪ್ಯಾಕೆಟ್ ಹಿಂದೆ ದಪ್ಪಕ್ಷರದಲ್ಲಿ ಅಳತೆ ಕೊಡಿ: 100 ಮಿಲಿ ಕುದಿ ಇಳಿದ ನೀರಿಗೆ 20 ಗ್ರಾಂ ಪುಡಿ, ಹಾಲು ಸ್ವಲ್ಪ ಕಡಿಮೆ. “ಬಣ್ಣ ತಿಳಿಯಾಗಿರುತ್ತದೆ, ಇದು ಬರೀ ಕಾಫಿಯ ಬಣ್ಣ” ಎಂಬ ಸಾಲೂ ಇರಲಿ. ಯಾರನ್ನೂ ಹೀಗಳೆಯದೆ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.