ಹೊಂದಿಸಿ ಬರೆಯಿರಿ, ಹೊಂದದಿದ್ದರೆ ಒತ್ತಿ ಬರೆಯಿರಿ

ಅಕ್ಕನ ಮಗಳು ಬಿ.ಕಾಂ. ಓದುತ್ತಾಳೆ. ಮೊನ್ನೆ ಬಿಸಿನೆಸ್ ಲಾ ಟೆಸ್ಟ್ ಪೇಪರ್ ತಂದು ನನ್ನ ಮುಂದೆ ಎಸೆದಳು. ಹೊಂದಿಸಿ ಬರೆಯಿರಿ. ಎಡಗಡೆ ಪೇಟೆಂಟ್, ಕಾಪಿರೈಟ್, ಟ್ರೇಡ್‌ಮಾರ್ಕ್, ಟ್ರೇಡ್ ಸೀಕ್ರೆಟ್. ಬಲಗಡೆ ಬಳ್ಳಾರಿಯ ಒಂದು ಜೀನ್ಸ್ ಕಂಪನಿಯ ಆಸ್ತಿಗಳು: ಅರ್ಧ ನೀರಿನಲ್ಲಿ ಕೆಲಸ ಮಾಡುವ ಹೊಸ ವಾಷಿಂಗ್ ಡ್ರಮ್, ಜಾಹೀರಾತಿನ ಹಾಡು, ಕಂಪನಿಯ ಹೆಸರು. ಕೊನೆಯದು, ಹನ್ನೆರಡು ವರ್ಷದಿಂದ ಮಾಲೀಕರ ಬೀರುವಿನಲ್ಲಿ ಬೀಗ ಹಾಕಿಟ್ಟ, ಇಬ್ಬರಿಗೆ ಮಾತ್ರ ಗೊತ್ತಿರುವ ವಾಷ್ ಫಾರ್ಮುಲಾ.

ಫಾರ್ಮುಲಾ ಟ್ರೇಡ್ ಸೀಕ್ರೆಟ್ ಅಂತ ಇವಳು ಬರೆದಿದ್ದಾಳೆ. ತಪ್ಪಂತೆ. ಕೀ ಉತ್ತರದಲ್ಲಿ ಅದು ಪೇಟೆಂಟ್. ಯಾಕೆ ಅಂದ್ರೆ 'ಫಾರ್ಮುಲಾ' ಅನ್ನೋ ಪದ ಇದೆಯಲ್ಲ! ಹಾಗಾದ್ರೆ ಡ್ರಮ್ ಏನು? ಉಳಿದಿದ್ದು ಟ್ರೇಡ್ ಸೀಕ್ರೆಟ್ ಒಂದೇ, ಅದನ್ನೇ ಕೊಟ್ಟಿದ್ದಾರೆ. ಮಾರುಕಟ್ಟೆಗೆ ಬಂದ ಮೇಲೆ ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಕಬ್ಬಿಣದ ಡ್ರಮ್ಮು ಗುಟ್ಟು, ಬೀಗದೊಳಗಿನ ಚೀಟಿ ಬಹಿರಂಗ. ಇಂಥ ನ್ಯಾಯಶಾಸ್ತ್ರ ಬಳ್ಳಾರಿ ಬಿಸಿಲಿನಲ್ಲಿ ಮಾತ್ರ ಹುಟ್ಟಲು ಸಾಧ್ಯ.

ಪೇಟೆಂಟ್ ಅಂದ್ರೆ ಸರ್ಕಾರದ ಜೊತೆ ಒಂದು ಚೌಕಾಸಿ. ಹೇಗೆ ಮಾಡಿದೆ ಅಂತ ನೀನು ಪೂರ್ತಿ ಬಿಡಿಸಿ ಬರೆದುಕೊಡು, ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆ ಯಾರೂ ಮಾಡದ ಹಾಗೆ ನಾನು ತಡೆಯುತ್ತೇನೆ. ಸಾಮಾನ್ಯವಾಗಿ 18 ತಿಂಗಳಿಗೆ ಆ ಅರ್ಜಿ ಪ್ರಕಟವಾಗುತ್ತದೆ, ಊರೆಲ್ಲ ಓದಬಹುದು. ಗುಟ್ಟು ಬೇಕು ಅನ್ನೋನು ಆ ಕಡೆ ತಲೆ ಹಾಕಿ ಮಲಗೋದೂ ಇಲ್ಲ. ಹನ್ನೆರಡು ವರ್ಷ ಗುಟ್ಟಾಗಿ ಬಳಸಿ ಪ್ಯಾಂಟು ಮಾರಿದ ಮೇಲೆ ಈಗ ಅರ್ಜಿ ಹಾಕಿದರೂ ನಿಲ್ಲೋದು ಕಷ್ಟ. ಹಾಗೆ ಮೊದಲೇ ಗುಟ್ಟಾಗಿ ಬಳಸಿದ್ದು ನಮ್ಮ ಕಾಯ್ದೆಯಲ್ಲಿ ಪೇಟೆಂಟ್ ರದ್ದು ಮಾಡಿಸಲು ಒಂದು ಕಾರಣ.

ಜೀನ್ಸ್ ಬಗ್ಗೆಯೇ ಪಾಠ ಮಾಡೋದಾದ್ರೆ ಜೀನ್ಸೇ ಸಾಕಿತ್ತಲ್ವಾ? ಜೇಬಿನ ಮೂಲೆಗೆ ತಾಮ್ರದ ರಿವೆಟ್ ಬಡಿಯುವ ಪೇಟೆಂಟ್ ಅಮೆರಿಕದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಗೆ ಮತ್ತು ಲೀವೈ ಸ್ಟ್ರಾಸ್ ಕಂಪನಿಗೆ 1873ರಲ್ಲಿ ಸಿಕ್ಕಿತು. ಆಗ ಅವಧಿ 17 ವರ್ಷ. 1890ಕ್ಕೆ ಮುಗೀತು. ಅದಕ್ಕೇ ಇವತ್ತು ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಟಕ್ ಟಕ್ ಅಂತ ರಿವೆಟ್ ಹೊಡೆಯೋ ಹುಡುಗ ಯಾರಿಗೂ ಒಂದು ಪೈಸೆ ಕೊಡಬೇಕಿಲ್ಲ. ಆದರೆ ಲೀವೈ ಪ್ಯಾಂಟಿನ ಹಿಂದಿನ ಜೇಬಿನ ಮೇಲಿರುವ ಆ ಬಿಲ್ಲಿನಾಕಾರದ ಜೋಡಿ ಹೊಲಿಗೆ ಈಗಲೂ ಅವರ ಟ್ರೇಡ್‌ಮಾರ್ಕ್. ಹೊಲಿದು ನೋಡಿ, ನೋಟಿಸ್ ಬರುತ್ತೆ. ರಿವೆಟ್ ಕೆಲಸ ಮಾಡುತ್ತೆ, ಅದಕ್ಕೆ ಕಾಲಮಿತಿ. ಹೊಲಿಗೆ ಯಾರ ಪ್ಯಾಂಟು ಅಂತ ಹೇಳುತ್ತೆ, ಅದಕ್ಕೆ ನಮ್ಮಲ್ಲಾದರೆ 10 ವರ್ಷಕ್ಕೊಮ್ಮೆ ನವೀಕರಣ, ಮೊಮ್ಮಕ್ಕಳವರೆಗೂ.

ಇನ್ನು ಗುಟ್ಟಿಗೆ ಬಂದರೆ, ನಮ್ಮ ದೇಶದಲ್ಲಿ ಅದಕ್ಕೆ ಅಂತ ಪ್ರತ್ಯೇಕ ಕಾಯ್ದೆಯೇ ಇಲ್ಲ. ಕರಾರು, ನಂಬಿಕೆ ದ್ರೋಹ, ಕೋರ್ಟುಗಳ ತೀರ್ಪು, ಇಷ್ಟೇ ಆಧಾರ. ಪಕ್ಕದ ಯೂನಿಟ್‌ನವನು ಒಂದು ಪ್ಯಾಂಟು ಕೊಂಡು, ಲ್ಯಾಬಿಗೆ ಕೊಟ್ಟು ಫಾರ್ಮುಲಾ ಕಂಡುಹಿಡಿದರೆ ಮಾಲೀಕರು ಬಾಯಿ ಮುಚ್ಚಿಕೊಂಡಿರಬೇಕು. ಕೆಲಸಗಾರ ಬೀರುವಿನ ಚೀಟಿಯ ಫೋಟೋ ಹೊಡೆದು ಮಾರಿದರೆ ಕೇಸು ಹಾಕಬಹುದು, ಆದರೆ ಗುಟ್ಟು ಕಾಯಲು ನಿಜಕ್ಕೂ ಏನಾದರೂ ಮಾಡಿದ್ದೇವೆ ಅಂತ ತೋರಿಸಬೇಕು. ಅದಕ್ಕೇ ಪ್ರಶ್ನೆಯಲ್ಲಿ ಬೀಗ, 'ಇಬ್ಬರಿಗೆ ಮಾತ್ರ' ಅಂತೆಲ್ಲ ಇರೋದು. ಸುಮ್ನೆ ಅಲಂಕಾರಕ್ಕಲ್ಲ. ಆದರೂ ಕೆಲಸ ಬಿಟ್ಟ ಮೇಲೆ ಎದುರಿಗೇ ಅಂಗಡಿ ಇಡಬೇಡ ಅಂತ ಕರಾರಿನಲ್ಲಿ ಬರೆಸಿಕೊಂಡರೆ ನಡೆಯಲ್ಲ, ಕರಾರು ಕಾಯ್ದೆಯ 27ನೇ ಕಲಂ ಅದನ್ನು ಒಪ್ಪೋದಿಲ್ಲ. ಗುಟ್ಟು ಒಯ್ಯಬೇಡ ಅನ್ನಬಹುದು, ಕೈಕೆಲಸ ಒಯ್ಯಬೇಡ ಅನ್ನೋಕಾಗಲ್ಲ.

ನಗು ಬರೋದು ಇಲ್ಲಿವರೆಗೆ. ಈ ಕೀ ಉತ್ತರ ಓದಿ ಪಾಸಾದವರೇ ನಾಳೆ ಏಜೆಂಟರಾಗುತ್ತಾರೆ. ನನ್ನ ಗೆಳೆಯನೊಬ್ಬ ಜೀನ್ಸ್ ಹೊಲಿಸುತ್ತಾನೆ. 'ನಿಮ್ಮ ಬ್ರ್ಯಾಂಡ್ ಹೆಸರಿಗೆ ಪೇಟೆಂಟ್ ಮಾಡಿಸ್ಕೊಡ್ತೀನಿ ಸಾರ್' ಅಂತ ಒಬ್ಬ ಅವನಿಂದ ಹದಿನೆಂಟು ಸಾವಿರ ತಗೊಂಡು ಹೋದ. ಹೆಸರಿಗೆ ಪೇಟೆಂಟ್ ಎಲ್ಲಿಂದ ಬರುತ್ತೆ ಮಾರಾಯ್ರೆ? ಟ್ರೇಡ್‌ಮಾರ್ಕ್‌ಗೆ, ಬಟ್ಟೆ ಅಂದರೆ 25ನೇ ವರ್ಗಕ್ಕೆ, ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಸರ್ಕಾರಿ ಶುಲ್ಕ 4,500 ರೂಪಾಯಿ. ಆ ಏಜೆಂಟ್ ಕೊಟ್ಟ ರಸೀದಿಯಲ್ಲಿ ಅರ್ಜಿ ನಂಬರೇ ಇಲ್ಲ. ಗೆಳೆಯನ ಮೂರು ತಿಂಗಳ ಲಾಭ ಅದು, ಹೊಲಿಗೆ ಮಷಿನ್ ಮೇಲೆ ಬೆನ್ನು ಬಗ್ಗಿಸಿ ದುಡಿದಿದ್ದು. ತಮಾಷೆ ಮಾಡೋಕೆ ಮನಸ್ಸಿಲ್ಲ ನನಗೆ.

ಕೀ ಎಲ್ಲಿಂದ ಬಂತು ಅಂತ ಕೇಳಿದೆ. ಒಂದು ಗೈಡ್‌ನಿಂದ ಮಾಮ, ಅಂದಳು. ಗೈಡ್ ತಗೊಂಡು ನೋಡಿದೆ. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ'. ಅದರ ಪಕ್ಕ ಇನ್ನೊಬ್ಬರ ಗೈಡ್‌ನಿಂದ ಎತ್ತಿದ ಅಧ್ಯಾಯ, ಅದರ ಅಚ್ಚಿನ ತಪ್ಪುಗಳ ಸಮೇತ. ಕಾಪಿರೈಟ್ ಅಧ್ಯಾಯವೇ ಅದು. ಪೂರ್ತಿ ಓದೋಣ ಅಂತ ಅವಳನ್ನು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ಕಳಿಸಿದೆ. ಅಂಗಡಿಯವ ತಲೆ ಎತ್ತದೆ ಕೇಳಿದನಂತೆ, 'ಎರಡೂ ಕಡೆ ಹೊಡೀಲೇನಮ್ಮ?'