ತೆಲುಗಿನ ‘ಮನಂ’, ‘ಮೇಮು’ ಮತ್ತು ನಮ್ಮ ‘ಹೋಗೋಣ’

ತೆಲುಗು ಕಲಿಯೋ ಕನ್ನಡಿಗರು ಜಾಸ್ತಿ ತಪ್ಪೋ ಜಾಗ ಲಿಪಿಯೂ ಅಲ್ಲ, ಉಚ್ಚಾರಣೆಯೂ ಅಲ್ಲ, ‘ನಾವು’ ಅನ್ನೋ ಪದ. ತೆಲುಗಿನಲ್ಲಿ ಅದಕ್ಕೆ ಎರಡು ಪದಗಳಿವೆ. ಕೇಳುತ್ತಿರುವವರೂ ಸೇರಿದರೆ ‘ಮನಂ’, ಅವರನ್ನು ಬಿಟ್ಟರೆ ‘ಮೇಮು’. ಗೆಳೆಯನಿಗೆ ‘ಮೇಮು ಸಿನಿಮಾಕಿ ವೆಳ್ತುನ್ನಾಂ’ ಅಂದರೆ ನೀನು ಬರುತ್ತಿಲ್ಲ ಅಂತ ಅರ್ಥ. ಕರೆಯೋಕೆ ಹೋಗಿ ಹೊರಗಿಟ್ಟ ಹಾಗಾಗುತ್ತದೆ! ಕ್ರಿಯಾಪದ ಎರಡಕ್ಕೂ ಒಂದೇ, ಹಾಗಾಗಿ ಅದು ನೆರವಿಗೆ ಬರುವುದಿಲ್ಲ, ಇಡೀ ವ್ಯತ್ಯಾಸ ಆ ಒಂದು ಪದದ ಮೇಲೆ ನಿಂತಿರುತ್ತದೆ.

ಇನ್ನೂ ಕಷ್ಟ ಕೊಡುವುದು ‘ನಮ್ಮ’ ಅನ್ನೋಕೆ ಇರುವ ‘ಮಾ’ ಮತ್ತು ‘ಮನ’. ಒಡಹುಟ್ಟಿದವರೇ ಇಲ್ಲದ ಒಬ್ಬನೇ ಮಗನೂ ಹೊರಗಿನವರ ಹತ್ತಿರ ‘ಮಾ ನಾನ್ನ’ ಅಂತಲೇ ಹೇಳುತ್ತಾನೆ. ಅಲ್ಲಿ ಲೆಕ್ಕಕ್ಕೆ ಬರುವುದು ಮನೆಯವರು, ಕೇಳುವವರು ಆ ಮನೆಯವರಲ್ಲ. ತಂಗಿ ಇರುವವನು ಅದೇ ಮಾತನ್ನು ಅವಳ ಹತ್ತಿರ ಆಡುವಾಗ ‘ಮನ ನಾನ್ನ’ ಆಗುತ್ತದೆ, ಯಾಕಂದ್ರೆ ಅವಳಿಗೂ ಅಪ್ಪ ಅವರೇ. ನಾವು ಎರಡು ಕಡೆಯೂ ‘ನಮ್ಮಪ್ಪ’ ಅಂದು ಸುಮ್ನೆ ಮುಂದೆ ಹೋಗುತ್ತೇವೆ.

ತಮಿಳಿನಲ್ಲಿ ‘ನಾಮ್’, ‘ನಾಂಗಳ್’ ಇವೆ, ತುಳುವಿನಲ್ಲಿ ‘ನಮ’, ‘ಎಂಕುಲು’ ಇವೆ. ಅಕ್ಕಪಕ್ಕದ ಈ ನುಡಿಗಳಲ್ಲಿ ಉಳಿದದ್ದು ಇವತ್ತಿನ ಕನ್ನಡದಲ್ಲಿ ಇಲ್ಲ. ಇದನ್ನು ನೋಡಿ ಕನ್ನಡಕ್ಕೆ ಈ ಭೇದವೇ ಗೊತ್ತಿಲ್ಲ ಅನ್ನುವವರಿದ್ದಾರೆ. ನಾನು ಒಪ್ಪಲ್ಲ.

‘ಹೋಗೋಣ’ ಅನ್ನಿ. ಅದರೊಳಗೆ ಕೇಳುವವರು ಇದ್ದೇ ಇರುತ್ತಾರೆ ಅಲ್ವಾ? ‘ನಾವು ಹೋಗೋಣ, ನೀನು ಇಲ್ಲೇ ಇರು’ ಅಂತ ಒಬ್ಬನಿಗೇ ಹೇಳಿ ನೋಡಿ, ಬಾಯಿಗೇ ಬರುವುದಿಲ್ಲ. ‘ನಾವು ಹೋಗ್ತೀವಿ, ನೀನು ಇಲ್ಲೇ ಇರು’ ಅನ್ನಬೇಕು. ಪದದಲ್ಲಿ ಹೋದದ್ದು ಕ್ರಿಯಾಪದದ ಕೊನೆಯಲ್ಲಿ ಇದೆ. (ತೆಲುಗಿನ ‘ವೆಳ್ದಾಂ’ ಕೂಡ ಹೀಗೇ, ಅದರ ಜೊತೆ ‘ಮನಂ’ ಕೂರುತ್ತದೆ, ‘ಮೇಮು’ ಕೂರುವುದಿಲ್ಲ.) ‘ನಾವು ಮನೆ ಮಾರೋಣ ಅಂತಿದ್ದೀವಿ’ ಅನ್ನುವಾಗ ಮಾತ್ರ ಕೇಳುವವರು ಸೇರಿಲ್ಲ. ಆದರೆ ಆ ‘ಮಾರೋಣ’ ಮನೆಯವರು ತಮ್ಮತಮ್ಮಲ್ಲೇ ಆಡಿಕೊಂಡ ಮಾತು, ನಮಗೆ ಅದನ್ನು ಬರೀ ವರದಿ ಮಾಡುತ್ತಿದ್ದಾರೆ.

ಕೊರತೆ ನಿಜವಾಗಿ ಕಾಣುವುದು ‘-ಓಣ’ ಬರಲಾಗದ ಕಡೆ. ‘ನಾವು ಈ ವಾರ ತಡವಾಗಿ ಕೆಲಸ ಮಾಡಬೇಕು’ ಅಂತ ಮೇಲಿನವರು ಹೇಳಿದರೆ ಕೇಳುತ್ತಿರುವ ನಾವೂ ಕೂರಬೇಕಾ, ಅವರ ಕಡೆಯವರಷ್ಟೇ ಕೂರುತ್ತಾರಾ ಗೊತ್ತಾಗುವುದಿಲ್ಲ. ‘ನಾವೆಲ್ಲ’ ಅಂದರೂ ಪೂರ್ತಿ ಬಗೆಹರಿಯುವುದಿಲ್ಲ, ಆ ‘ಎಲ್ಲ’ದಲ್ಲಿ ಯಾರ್‍ಯಾರಿದ್ದಾರೆ ಅನ್ನೋದು ಮತ್ತೆ ಅದೇ ಪ್ರಶ್ನೆ. ‘ನಾನೂ ನೀವೂ’ ಅಂತ ಬಿಡಿಸಿ ಹೇಳಬೇಕು. ತೆಲುಗಿನವರು ಬಾಯಿ ತೆರೆಯುವ ಮುಂಚೆಯೇ ಇದನ್ನು ತೀರ್ಮಾನ ಮಾಡಿರಬೇಕು. ಹಾಗಂತ ‘ಮನಂ’ ಅಂದವರು ನಿಜವಾಗಿ ಜೊತೆಗೆ ಕೂರುತ್ತಾರೆ ಅಂತ ವ್ಯಾಕರಣ ಖಾತ್ರಿ ಕೊಡಲ್ಲ. ಕೂರದೇ ಹೋದರೆ ‘ನೀವೂ ಸೇರಿ ಅಂದಿದ್ರಲ್ಲ’ ಅಂತ ಕೇಳೋಕೆ ದಾರಿಯಾದರೂ ಇರುತ್ತದೆ.